ಅಪ್ಪಾಜಿಗೆ ಒಂದು ಕಾಗದ: ಆಣೆ ಬೇಡ, ನನ್ನ ಜೊತೆ ಬನ್ನಿ

ನಿವೃತ್ತರಾದ ಅಪ್ಪನ ಕುಡಿತ ಹೆಚ್ಚುತ್ತಿರುವುದು ಮನೆಯವರಿಗೆ ಗೊತ್ತಾಗುವುದು ತಡವಾಗಿ. ನೌಕರಿಯಲ್ಲಿದ್ದಾಗ ಬೆಳಗ್ಗೆ ಎದ್ದು ಡ್ಯೂಟಿಗೆ ಹೋಗಬೇಕಿತ್ತು, ಅದಕ್ಕೇ ರಾತ್ರಿ ಒಂದು ಪೆಗ್ಗಿಗೆ ನಿಲ್ಲುತ್ತಿತ್ತು. ಅರವತ್ತು ತುಂಬಿದ ಮೇಲೆ ಆ ತಡೆ ಇರುವುದಿಲ್ಲ. ಮನೆಯಲ್ಲಿ ಗಲಾಟೆಯಿಲ್ಲ, ಸಾಲವಿಲ್ಲ, ಪಿಂಚಣಿ ಸರಿಯಾಗಿ ಬರುತ್ತದೆ. ಹೀಗಾಗಿ ಊರಿನ ಕಣ್ಣಿಗೆ ಅವರು ಕುಡಿಯುವವರೇ ಅಲ್ಲ. ದೂರದ ಊರಿನಲ್ಲಿರುವ ಮಗಳು ಹಬ್ಬಕ್ಕೆ ಬಂದಾಗ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಎದುರಿಗೆ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ. ಫೋನಿನಲ್ಲಿ ಹೇಳಿದರೆ ಅಪ್ಪ ‘ಅಮ್ಮನಿಗೆ ಕೊಡ್ತೀನಿ’ ಎಂದುಬಿಡುತ್ತಾರೆ. ಕಾಗದವನ್ನಾದರೆ ಅವರು ಒಬ್ಬರೇ ಕೂತು ಎರಡು ಸಲ ಓದಬಹುದು, ತಕ್ಷಣ ಉತ್ತರ ಕೊಡಬೇಕಾಗಿಲ್ಲ.

ಆ ಕಾಗದದಲ್ಲಿ ಏನಿರಬೇಕು, ಏನಿರಬಾರದು? ಇಂಥ ಹಲವು ಮನೆಗಳಲ್ಲಿ ಕಾಣುವುದನ್ನು ಒಂದುಗೂಡಿಸಿ ಒಂದು ಕುಟುಂಬವನ್ನು ಇಲ್ಲಿ ಕಲ್ಪಿಸಿಕೊಂಡಿದ್ದೇನೆ. ಅಪ್ಪ ದಾವಣಗೆರೆ ಕಡೆಯ ನಿವೃತ್ತ ಲೈನ್‌ಮನ್, ವಯಸ್ಸು 64. ಸಕ್ಕರೆ ಕಾಯಿಲೆ ಮತ್ತು ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳ ಕಾಗದ ಹೀಗೆ ಶುರುವಾಗುತ್ತದೆ:

“ಪ್ರೀತಿಯ ಅಪ್ಪಾಜಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಈ ಮಾತನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ನೀವು ಊಟಕ್ಕೆ ಮುಂಚೆ ಒಂದು ಪೆಗ್ ತಗೊಂಡು ಮುಗಿಸುತ್ತಿದ್ದಿರಿ. ದೀಪಾವಳಿಗೆ ಬಂದಾಗ ನೋಡಿದೆ, ಸಂಜೆ ಆರಕ್ಕೇ ಶುರುವಾಗಿ ಊಟದ ಹೊತ್ತಿಗೆ ಕ್ವಾರ್ಟರ್ ಖಾಲಿಯಾಗಿತ್ತು. ಒಂದು ರಾತ್ರಿ ನೀವು ಊಟ ಮಾಡದೆ ಮಲಗಿದಿರಿ. ಬೆಳಗ್ಗೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಿರಿ. ನಾನು ನೋಡಿದ್ದನ್ನು ಕಂಡು ನೀವು ಲೋಟ ಕೆಳಗಿಟ್ಟಿರಿ. ಅಪ್ಪಾಜಿ, ನನಗೆ ಸಿಟ್ಟು ಬಂದಿಲ್ಲ. ಭಯವಾಗಿದೆ.”

ಈ ಭಾಗದಲ್ಲಿ ಮಗಳು ಕಣ್ಣಾರೆ ಕಂಡದ್ದನ್ನಷ್ಟೇ ಬರೆದಿದ್ದಾಳೆ. ‘ನೀವು ಯಾವಾಗಲೂ ಕುಡಿಯುತ್ತೀರಿ’ ಎಂದಿದ್ದರೆ ‘ಯಾವಾಗಲೂ ಎಲ್ಲಿ ಕುಡಿಯುತ್ತೇನೆ?’ ಎಂದು ಅಪ್ಪ ವಾದಕ್ಕಿಳಿಯಬಹುದಿತ್ತು. ಕಾಫಿ ಲೋಟದ ವಿಷಯಕ್ಕೆ ವಾದ ಹೂಡಲಾಗದು. ಅಮ್ಮ ಹೇಳಿದ್ದು, ಪಕ್ಕದ ಮನೆಯವರು ಹೇಳಿದ್ದು ಇಲ್ಲಿಲ್ಲ. ಇದ್ದಿದ್ದರೆ ಅಪ್ಪನ ಸಿಟ್ಟು ಅಮ್ಮನ ಮೇಲೆ ತಿರುಗುತ್ತಿತ್ತು. ‘ನಮ್ಮ ಮರ್ಯಾದೆ ಹೋಗುತ್ತಿದೆ’ ಎಂಬ ಮಾತೂ ಇಲ್ಲ. ಮರ್ಯಾದೆಯ ಮಾತು ಬಂದರೆ ಕುಡಿಯುವವರು ಕುಡಿತ ಬಿಡುವುದಿಲ್ಲ, ಬಚ್ಚಿಟ್ಟು ಕುಡಿಯತೊಡಗುತ್ತಾರೆ. ಆಮೇಲೆ ಎಷ್ಟು ಕುಡಿಯುತ್ತಿದ್ದಾರೆ ಎಂಬುದೂ ಮನೆಯವರಿಗೆ ತಿಳಿಯುವುದಿಲ್ಲ.

ಅವಳ ಭಯಕ್ಕೆ ಆಧಾರವಿದೆ. ವಿಸ್ಕಿ, ಬ್ರಾಂದಿ, ರಮ್ ಯಾವುದೇ ಆಗಲಿ, 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕ್ವಾರ್ಟರ್ ಅಂದರೆ 180 ಮಿ.ಲೀ., ಅಂದರೆ ಸುಮಾರು 60 ಗ್ರಾಂ. ನಲವತ್ತರಲ್ಲಿ ಅಷ್ಟು ಕುಡಿದು ತಡೆದುಕೊಂಡವರಿಗೂ ಅರವತ್ತು ದಾಟಿದ ಮೇಲೆ ಅದೇ ಪ್ರಮಾಣ ಹೆಚ್ಚಾಗುತ್ತದೆ. ವಯಸ್ಸಾದಂತೆ ದೇಹದಲ್ಲಿ ನೀರಿನಂಶ ಕಡಿಮೆಯಾಗುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲಿನ ಸಾಂದ್ರತೆ ಏರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಅವರ ಮಾತ್ರೆ ಡಬ್ಬಿಯಲ್ಲಿದೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕುಡಿದು, ಊಟ ಬಿಟ್ಟು ಮಲಗಿದರೆ ನಡುರಾತ್ರಿ ಸಕ್ಕರೆ ತೀರಾ ಕೆಳಗಿಳಿಯಬಹುದು. ಸಾಮಾನ್ಯವಾಗಿ ಅಂಥ ಹೊತ್ತಿನಲ್ಲಿ ಯಕೃತ್ತು ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಆಲ್ಕೋಹಾಲನ್ನು ಕರಗಿಸುವಾಗ ಹೊಸ ಸಕ್ಕರೆ ತಯಾರಿಸುವ ಕೆಲಸ ಕುಂಠಿತವಾಗುತ್ತದೆ. ಸಕ್ಕರೆ ಇಳಿದಾಗ ಬೆವರು, ನಡುಕ, ತೊದಲು ಮಾತು, ಮಂಪರು ಕಾಣಿಸುತ್ತವೆ. ಇವು ನೋಡಲು ಅಮಲಿನಂತೆಯೇ ಇರುತ್ತವೆ. ‘ಜಾಸ್ತಿ ಆಗಿದೆ, ಮಲಗಲಿ ಬಿಡು’ ಎಂದು ಮನೆಯವರು ದೀಪ ಆರಿಸುತ್ತಾರೆ. ಅಂಥ ಸಂದರ್ಭದಲ್ಲಿ ಗ್ಲುಕೋಮೀಟರಿನಲ್ಲಿ ಒಂದು ಹನಿ ರಕ್ತ ಪರೀಕ್ಷಿಸಿದರೆ ವಿಷಯ ಗೊತ್ತಾಗುತ್ತದೆ. 70ಕ್ಕಿಂತ ಕಡಿಮೆಯಿದ್ದು ಪ್ರಜ್ಞೆಯಿದ್ದರೆ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಕಾಗದ ಮುಂದುವರಿಯುತ್ತದೆ:

“ಮಳೆಗಾಲದ ರಾತ್ರಿ ಕರೆಂಟ್ ಹೋದರೆ ಊರೆಲ್ಲ ನಿಮ್ಮನ್ನೇ ಕಾಯುತ್ತಿತ್ತು. ಫೋನ್ ಬಂತೆಂದರೆ ಊಟ ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಿದ್ದಿರಿ. ಈಗ ಯಾರೂ ಕರೆಯುವುದಿಲ್ಲ, ಸಂಜೆ ಕಳೆಯುವುದೇ ಕಷ್ಟ ಅಂತ ನೀವೇ ಒಮ್ಮೆ ಹೇಳಿದ್ದಿರಿ. ಅವತ್ತು ನಾನು ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅಪ್ಪಾಜಿ, ಇವತ್ತೇ ಬಿಟ್ಟುಬಿಡಿ ಅಂತ ನಾನು ಕೇಳುತ್ತಿಲ್ಲ. ನನ್ನ ಮೇಲೆ ಆಣೆ ಇಡುವುದೂ ಬೇಡ. ಒಂದೇ ಒಂದು ಕೆಲಸ ಮಾಡಿ. ಮುಂದಿನ ಮಂಗಳವಾರ ರಜ ಹಾಕಿ ಬರುತ್ತೇನೆ, ನನ್ನ ಜೊತೆ ಡಾಕ್ಟರ ಹತ್ತಿರ ಬನ್ನಿ. ಎಷ್ಟು ತಗೊಳ್ಳುತ್ತೀರಿ ಅಂತ ಅವರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು. ಅಲ್ಲಿಯವರೆಗೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.”

ಕುಡಿತ ಬಿಡಿಸಲು ಬರೆದ ಕಾಗದದಲ್ಲಿ ‘ಒಮ್ಮೆಲೇ ನಿಲ್ಲಿಸಬೇಡಿ’ ಎಂದಿರುವುದು ಓದುಗರಿಗೆ ವಿಚಿತ್ರವೆನಿಸಬಹುದು. ಇಡೀ ಕಾಗದದಲ್ಲಿ ಅತಿ ಮುಖ್ಯವಾದ ಮಾತೇ ಅದು. ನಮ್ಮಲ್ಲಿ ಕುಡಿತ ಬಿಡುವುದೆಂದರೆ ಆಣೆ. ದೇವರ ಮುಂದೆ ಕರ್ಪೂರ ಹಚ್ಚುವುದು, ಮಕ್ಕಳ ತಲೆ ಮುಟ್ಟುವುದು, ಮರುದಿನದಿಂದ ಒಂದು ಹನಿಯೂ ಇಲ್ಲ. ಅಪರೂಪಕ್ಕೆ ಕುಡಿಯುವವರಿಗೆ ಇದರಿಂದ ತೊಂದರೆಯಿಲ್ಲ. ಬೆಳಗ್ಗೆ ಕೈ ನಡುಗುವವರ ವಿಷಯ ಬೇರೆ. ದಿನಾ ಕುಡಿದು ಕುಡಿದು ಮಿದುಳು ಆಲ್ಕೋಹಾಲಿಗೆ ಒಗ್ಗಿಹೋಗಿರುತ್ತದೆ. ಅದರ ಜೋಮನ್ನು ಮೀರಿ ಎಚ್ಚರವಾಗಿರಲು ಮಿದುಳು ತನ್ನ ಚಟುವಟಿಕೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಆಲ್ಕೋಹಾಲ್ ಹಠಾತ್ತನೆ ನಿಂತರೆ ಆ ಹೆಚ್ಚಿದ ಚಟುವಟಿಕೆಗೆ ಕಡಿವಾಣವಿರುವುದಿಲ್ಲ.

ಕೊನೆಯ ಪೆಗ್ ಆಗಿ ಆರೆಂಟು ಗಂಟೆಗೆ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಇನ್ನು ಕೆಲವರಿಗೆ ತೀವ್ರ ಭ್ರಮೆ ಹಿಡಿಯುತ್ತದೆ. ಇಲ್ಲದ್ದು ಕಾಣಿಸುತ್ತದೆ, ಮನೆಯವರ ಗುರುತೂ ಸಿಗುವುದಿಲ್ಲ, ಜ್ವರ ಏರುತ್ತದೆ. ಇದು ‘ಡೆಲಿರಿಯಂ ಟ್ರೆಮೆನ್ಸ್’. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಇದನ್ನು ದೆವ್ವದ ಕಾಟವೆಂದು ಭಾವಿಸಿ ಅಮೂಲ್ಯ ಸಮಯ ಕಳೆದುಕೊಳ್ಳುವವರಿದ್ದಾರೆ. ಇನ್ನು ಕೆಲವರು ನಡುಕ ತಾಳಲಾರದೆ ಮತ್ತೆ ಬಾಟಲಿಗೆ ಕೈ ಹಾಕುತ್ತಾರೆ, ಮನೆಯವರು ‘ಆಣೆ ಮುರಿದ’ ಎನ್ನುತ್ತಾರೆ. ಅದಕ್ಕೆ ಮನಸ್ಸಿನ ದೌರ್ಬಲ್ಯವಷ್ಟೇ ಕಾರಣವಲ್ಲ, ಬಹುಪಾಲು ಅದು ದೇಹ ಒಡ್ಡುವ ಒತ್ತಡ.

ವೈದ್ಯರು ಈ ಕೆಲವು ದಿನಗಳನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ದಿನಕ್ಕೆ ಎಷ್ಟು, ಕೊನೆಯ ಬಾರಿ ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಕೇಳುತ್ತಾರೆ. ಬಿಪಿ, ಸಕ್ಕರೆ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ. ನಡುಕವನ್ನೂ ಫಿಟ್ಸನ್ನೂ ತಡೆಯುವ ಮಾತ್ರೆಗಳನ್ನು ಸುಮಾರು ಒಂದು ವಾರ, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಕೊಡುತ್ತಾರೆ. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ. ಬಹುಕಾಲ ಕುಡಿದವರಲ್ಲಿ ಇದರ ಕೊರತೆ ಸಾಮಾನ್ಯ, ಕೊರತೆ ಹೆಚ್ಚಿದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಹಿಂದೆ ಫಿಟ್ಸ್ ಬಂದಿದ್ದವರಿಗೆ, ಹೃದಯದ ತೊಂದರೆಯಿರುವವರಿಗೆ ಆಸ್ಪತ್ರೆಯಲ್ಲಿ ದಾಖಲಾಗಲು ಹೇಳುತ್ತಾರೆ. ಆಮೇಲೆ ಕುಡಿಯುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಯಾರಿಗೆ ಯಾವುದು ಎಂಬುದು ಯಕೃತ್ತು ಮತ್ತು ಕಿಡ್ನಿಯ ಸ್ಥಿತಿಯನ್ನು ಅವಲಂಬಿಸಿದೆ.

ಒಂದನ್ನು ಮಾತ್ರ ಯಾರೂ ಮಾಡಬಾರದು. ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ’ ಎಂದು ಯಾರೋ ಕೊಡುವ ಪುಡಿ, ಮಾತ್ರೆಗಳನ್ನು ಊಟಕ್ಕೆ ಹಾಕಬಾರದು. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ಹೃದಯ ದುರ್ಬಲವಾಗಿರುವ ಹಿರಿಯರಿಗೆ ಇದು ಮಾರಕವೂ ಆದೀತು. ವೈದ್ಯರು ಈ ಮಾತ್ರೆ ಕೊಡುವುದು ರೋಗಿಗೆ ಎಲ್ಲ ತಿಳಿಸಿ, ಅವರ ಒಪ್ಪಿಗೆ ಪಡೆದ ಮೇಲೆ ಮಾತ್ರ.

ಮಗಳು ಮಂಗಳವಾರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ಹೋಗುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕಾಗದದ ಕೊನೆ:

“ನನ್ನ ಕಡೆಯಿಂದ ಏನು ಮಾಡುತ್ತೇನೆ ಅಂತಲೂ ಹೇಳುತ್ತೇನೆ. ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತೇನೆ. ಪುಟ್ಟಿಗೆ ಗಣಿತ ಹೇಳಿಕೊಡಲು ಆ ಹೊತ್ತಿನಲ್ಲಿ ನೀವು ಬೇಕು. ನೀವು ತಗೊಂಡಿದ್ದ ದಿನ ಮಕ್ಕಳನ್ನು ನಿಮ್ಮ ಸ್ಕೂಟರಿನಲ್ಲಿ ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಡಾಕ್ಟರ ಹತ್ತಿರ ಬರಲು ಈಗ ಮನಸ್ಸಿಲ್ಲದಿದ್ದರೂ ಮಂಗಳವಾರ ನಾನು ಬಂದೇ ಬರುತ್ತೇನೆ. ಇಬ್ಬರೂ ಕೂತು ಊಟ ಮಾಡೋಣ. ನಿಮ್ಮ ಮಗಳು.”

ಸಂಜೆ ಆರು ಗಂಟೆ ಬಾಟಲಿ ತೆರೆಯುವ ಹೊತ್ತು. ಆ ಹೊತ್ತಿಗೆ ಬೇರೆ ಕೆಲಸ ಬಂದರೆ ಅಭ್ಯಾಸಕ್ಕೆ ಎಡೆ ಕಡಿಮೆಯಾಗುತ್ತದೆ. ಸ್ಕೂಟರಿನ ಮಾತು ಬೆದರಿಕೆಯಲ್ಲ, ತಾನು ನಡೆಸಿಕೊಡಬಲ್ಲ ಒಂದು ಮಿತಿಯನ್ನು ಅವಳು ಹಾಕಿದ್ದಾಳೆ. ‘ಬಿಡದಿದ್ದರೆ ಮನೆಗೇ ಬರುವುದಿಲ್ಲ’ ಎಂದು ಬರೆದು ಮುಂದಿನ ಹಬ್ಬಕ್ಕೆ ಬಂದುಬಿಟ್ಟರೆ ಅವಳ ಯಾವ ಮಾತಿಗೂ ತೂಕ ಉಳಿಯುವುದಿಲ್ಲ.

ಕಾಗದವನ್ನು ಬೆಳಗಿನ ಹೊತ್ತು, ಅವರು ತಿಂಡಿ ತಿಂದು ಸಮಾಧಾನವಾಗಿರುವಾಗ ಕೊಡಬೇಕು. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬಾರದು, ಅಳಿಯನ ಕೈಲಿ ಕಳಿಸಬಾರದು, ಅಮ್ಮನಿಗೆ ಮೊದಲೇ ತಿಳಿಸಿರಬೇಕು. ‘ನನಗೇನೂ ಆಗಿಲ್ಲ’ ಎಂದು ಅಪ್ಪ ಮಡಚಿಟ್ಟರೂ ವಾದ ಬೇಡ. ಹೇಳಿದ ಮಂಗಳವಾರ ಮಗಳು ಹೋಗಬೇಕು. ಡಾಕ್ಟರ ಹತ್ತಿರ ಬರಲು ಒಪ್ಪದಿದ್ದರೆ, ಸಕ್ಕರೆ ಮತ್ತು ಬಿಪಿ ತಪಾಸಣೆಗಾದರೂ ಕರೆದುಕೊಂಡು ಹೋಗಿ, ಕುಡಿತದ ವಿಷಯವನ್ನು ಆ ವೈದ್ಯರ ಮುಂದೆಯೇ ತೆಗೆಯಬಹುದು. ಮಗಳ ಎದುರು ಒಪ್ಪದ ಮಾತನ್ನು ಡಾಕ್ಟರ ಎದುರು ಒಪ್ಪುವ ಹಿರಿಯರಿದ್ದಾರೆ. ಚಿಕಿತ್ಸೆಯ ನಂತರ ಒಂದು ಸಂಜೆ ಮತ್ತೆ ಕುಡಿದರೆಂದರೆ ಎಲ್ಲ ಮುಗಿಯಿತೆಂದಲ್ಲ, ಬಿಡುವ ದಾರಿಯಲ್ಲಿ ಬಹಳ ಮಂದಿ ಹೀಗೆ ಎಡವುತ್ತಾರೆ. ಆಗ ಮಾಡಬೇಕಾದದ್ದು ಇಷ್ಟೇ: ಏನಾಯಿತೆಂದು ಕೇಳಿಕೊಂಡು, ಅದೇ ವೈದ್ಯರ ಬಳಿಗೆ ಬೇಗ ಇನ್ನೊಮ್ಮೆ ಕರೆದುಕೊಂಡು ಹೋಗುವುದು.