ಲೈಬ್ರರಿ ಕಂಪ್ಯೂಟರಿಗೆ ಕಪ್ಪು ಪರದೆ ಕೇಳುವುದು ಹೇಗೆ?

ಆಲ್ಬಿನಿಸಂ ಇರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಕಣ್ಣಿನೊಳಗೆ ಬಣ್ಣದ ಅಂಶ ಕಡಿಮೆಯಿರುವುದರಿಂದ ಒಳಬಂದ ಬೆಳಕು ಚೆದುರುತ್ತದೆ, ಬಿಳಿ ಪರದೆ ಕಣ್ಣು ಕುಕ್ಕುತ್ತದೆ. ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಸ್ಪಷ್ಟವಾಗುವುದಿಲ್ಲ. "ಲೈಬ್ರರಿ ಕಂಪ್ಯೂಟರುಗಳಿಗೆ ಡಾರ್ಕ್ ಮೋಡ್ ಹಾಕಿಕೊಡಿ ಸರ್" ಎಂದು ಅವಳು ಐಟಿ ವಿಭಾಗಕ್ಕೆ ಒಂದೇ ಸಾಲು ಬರೆದರೆ, "ಸೆಟ್ಟಿಂಗ್ಸ್‌ನಲ್ಲಿ ನೀವೇ ಹಾಕಿಕೊಳ್ಳಿ" ಎಂಬ ಉತ್ತರ ಬಂದೀತು.

ಹಾಕಿಕೊಳ್ಳಬಹುದು ನಿಜ. ಆದರೆ ಮರುದಿನ ಅದು ಅಲ್ಲಿರುವುದಿಲ್ಲ.

ಲೈಬ್ರರಿಯ ಕಂಪ್ಯೂಟರುಗಳನ್ನು ಸಾಮಾನ್ಯವಾಗಿ ಎಲ್ಲರೂ ಒಂದೇ ಅಕೌಂಟಿನಲ್ಲಿ ಬಳಸುತ್ತಾರೆ. ಯಾರೋ ಏನನ್ನೋ ಬದಲಿಸಿ ಹೋಗದಿರಲೆಂದು, ರೀಸ್ಟಾರ್ಟ್ ಆದಾಗ ಯಂತ್ರ ಮೊದಲಿನ ಸ್ಥಿತಿಗೇ ಮರಳುವಂತೆ ಹಲವೆಡೆ ತಂತ್ರಾಂಶ ಹಾಕಿರುತ್ತಾರೆ. ಅದು ವೈರಸ್ಸನ್ನು ಅಳಿಸುವಂತೆಯೇ ಅವಳ ದೊಡ್ಡ ಅಕ್ಷರಗಳನ್ನೂ ಅಳಿಸುತ್ತದೆ. ಕೆಲವು ಕಡೆ ಸೆಟ್ಟಿಂಗ್ಸ್ ತೆರೆಯುವುದಕ್ಕೇ ಅನುಮತಿ ಇರುವುದಿಲ್ಲ. ಇಮೇಲಿನಲ್ಲಿ ಮುಖ್ಯವಾಗಿ ಬರಬೇಕಾದದ್ದು ಈ ಸಂಗತಿ.

ಏನು ಬೇಕೆಂಬುದೂ ಖಚಿತವಾಗಿರಬೇಕು. ವಿಂಡೋಸ್ 11ರ ಡಾರ್ಕ್ ಮೋಡ್ ಎಲ್ಲ ತಂತ್ರಾಂಶಗಳಿಗೂ ಅನ್ವಯಿಸುವುದಿಲ್ಲ. ಹಳೆಯವು ಬಿಳಿಯಾಗಿಯೇ ಉಳಿಯುತ್ತವೆ. ಅದೇ Accessibility ಪುಟದಲ್ಲಿರುವ Contrast themes ಇನ್ನೂ ವ್ಯಾಪಕವಾಗಿ ಬಣ್ಣ ಬದಲಿಸುತ್ತದೆ. ಅಲ್ಲೇ ಇರುವ Text size ಅಕ್ಷರವನ್ನು ಶೇ. 225ರವರೆಗೆ ಹಿಗ್ಗಿಸುತ್ತದೆ. ಹಾಗಾಗಿ ಅವಳ ಪತ್ರ ಹೀಗಿದ್ದರೆ ಕೆಲಸ ಸುಲಭ:

"ಸರ್, ನನಗೆ ದೃಷ್ಟಿ ಮಂದ, ಬಿಳಿ ಪರದೆ ನೋಡಲಾಗುವುದಿಲ್ಲ. ಲೈಬ್ರರಿಯಲ್ಲಿ ನಾನು ಮಾಡಿಕೊಂಡ ಸೆಟ್ಟಿಂಗ್ ರೀಸ್ಟಾರ್ಟ್ ಆದರೆ ಹೋಗುತ್ತದೆ. ಕಿಟಕಿಯಿಂದ ದೂರವಿರುವ ಎರಡು ಕಂಪ್ಯೂಟರುಗಳಲ್ಲಿ ಕಪ್ಪು ಹಿನ್ನೆಲೆಯ ಕಾಂಟ್ರಾಸ್ಟ್ ಥೀಮ್, ಶೇ. 175 ಅಕ್ಷರ ಗಾತ್ರ ಇರುವ ಪ್ರತ್ಯೇಕ ಅಕೌಂಟ್ ಮಾಡಿ, ಅದು ಅಳಿಯದಂತೆ ಉಳಿಸಿಕೊಡಬಹುದೇ? ಮ್ಯಾಗ್ನಿಫೈಯರ್ ಬಳಸಲೂ ಅನುಮತಿ ಬೇಕು."

ಎಲ್ಲ ಯಂತ್ರಗಳನ್ನೂ ಕಪ್ಪಾಗಿಸಿ ಎಂದು ಅವಳು ಕೇಳದಿರುವುದಕ್ಕೆ ಕಾರಣವಿದೆ. ಆಸ್ಟಿಗ್ಮಾಟಿಸಂ ಇರುವ ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರದ ಅಂಚು ಹರಡಿದಂತೆ ಕಾಣುತ್ತದೆ. ಪ್ರತ್ಯೇಕ ಅಕೌಂಟ್ ಇದ್ದರೆ ಇಬ್ಬರಿಗೂ ತೊಂದರೆಯಿಲ್ಲ.

ಮ್ಯಾಗ್ನಿಫೈಯರ್ ಕೇಳಿದ್ದು ಸ್ಕ್ಯಾನ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ. ಅವು ಚಿತ್ರಗಳಾದ್ದರಿಂದ ಥೀಮ್ ಬದಲಾದರೂ ಹಾಳೆ ಬೆಳ್ಳಗೇ ಇರುತ್ತದೆ. ವಿಂಡೋಸ್ ಕೀ ಜೊತೆ + ಒತ್ತಿ ಮ್ಯಾಗ್ನಿಫೈಯರ್ ತೆರೆದು, Ctrl + Alt + I ಒತ್ತಿದರೆ ಇಡೀ ಪರದೆಯ ಬಣ್ಣ ತಿರುವುಮುರುವಾಗುತ್ತದೆ.

ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಂದದೃಷ್ಟಿಯನ್ನೂ ಒಳಗೊಂಡಿದೆ. ಪತ್ರದ ಕೊನೆಗೆ ಅದನ್ನು ಒಂದು ಸಾಲಿನಲ್ಲಿ ನೆನಪಿಸಬಹುದು. ಕೆಲಸ ಮುಗಿಯಿತೆಂದು ಐಟಿಯವರು ತಿಳಿಸಿದ ಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಲೈಬ್ರರಿ ಕ್ಯಾಟಲಾಗ್ ಮತ್ತು ಒಂದು ಸ್ಕ್ಯಾನ್ ಹಾಳೆಯನ್ನು ತೆರೆದು ನೋಡಬೇಕು. ಗುಂಡಿಗಳ ಮೇಲಿನ ಅಕ್ಷರ ಅರ್ಧಕ್ಕೆ ಕತ್ತರಿಸಿದಂತೆ ಕಂಡರೆ ಗಾತ್ರವನ್ನು ಶೇ. 150ಕ್ಕೆ ಇಳಿಸಿ, ಉಳಿದದ್ದನ್ನು ಮ್ಯಾಗ್ನಿಫೈಯರಿನಿಂದ ಓದಿಕೊಳ್ಳಬಹುದು.