ಒಣ ಪುಡಿಯೊಳಗಿನ ನೀರು

ಪಿಎಚ್ ಮೀಟರಿನ ಪರದೆಯ ಮೇಲೆ 6.86 ಬರಬೇಕಿತ್ತು. ಬಂದದ್ದು 6.78.

ಇಷ್ಟು ಸಣ್ಣ ವ್ಯತ್ಯಾಸ ಕಂಡರೆ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಮೀಟರ್ ಸರಿ ಇಲ್ಲ ಅನ್ಸುತ್ತೆ ಮೇಡಂ.” ಅದರ ಹಿಂದೆಯೇ ಒಂದು ಸುಲಭದ ಉಪಾಯವೂ ಬರುತ್ತದೆ. ಲೀಟರಿಗೆ ಎರಡು ಮಿಲಿಲೀಟರಿನಷ್ಟು ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿದರೆ ಮುಳ್ಳು 6.86ಕ್ಕೆ ಬಂದು ನಿಲ್ಲುತ್ತದೆ, ಕೆಲಸ ಮುಂದೆ ಸಾಗುತ್ತದೆ. ಆದರೆ ಆ ಎರಡು ಮಿಲಿಲೀಟರ್ ತಪ್ಪನ್ನು ತಿದ್ದುವುದಿಲ್ಲ, ಅದರ ಗುರುತನ್ನು ಅಳಿಸಿಹಾಕುತ್ತದೆ. ತಪ್ಪಿದ್ದದ್ದು ಮೀಟರಿನಲ್ಲಲ್ಲ, ಹೊಸದಾಗಿ ಬಂದ ಲವಣದ ಡಬ್ಬಿಯಲ್ಲಿ ಎಂದಾದರೆ? ಅದನ್ನು ಪೂರೈಕೆದಾರರಿಗೆ ಪತ್ರ ಬರೆದು ತಿಳಿಸುವುದು ಹೇಗೆ? ಬರೀ “ನಿಮ್ಮ ಮಾಲು ಚೆನ್ನಾಗಿಲ್ಲ” ಎಂದರೆ ಯಾರೂ ಒಪ್ಪುವುದಿಲ್ಲ. ಬೆಂಗಳೂರಿನ ಔಷಧ ಪರೀಕ್ಷಾಲಯವೊಂದರಲ್ಲಿ ನಡೆಯಬಹುದಾದ ಪ್ರಸಂಗವನ್ನು ಮಾದರಿಯಾಗಿ ಇಟ್ಟುಕೊಂಡರೆ, ಇಂಥ ಪತ್ರ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ.

ಬಫರ್ ಎಂದರೆ ಹುಳಿ ಅಥವಾ ಕ್ಷಾರ ತುಸು ಬೆರೆತರೂ ಪಿಎಚ್ ಹೆಚ್ಚು ಕದಲದಂತೆ ಹಿಡಿದಿಡುವ ದ್ರಾವಣ. ಮಾತ್ರೆಯೊಂದು ಎಷ್ಟು ಹೊತ್ತಿನಲ್ಲಿ ಕರಗುತ್ತದೆ, ಅದರಲ್ಲಿ ಔಷಧದ ಅಂಶ ಎಷ್ಟಿದೆ ಎಂದು ನೋಡುವ ಪರೀಕ್ಷೆಗಳಲ್ಲಿ ಫಾಸ್ಫೇಟ್ ಬಫರ್ ದಿನನಿತ್ಯದ ಸಾಮಗ್ರಿ. ಅದಕ್ಕೆ ಎರಡು ಲವಣ ಬೇಕು. ಒಂದು ತುಸು ಆಮ್ಲೀಯವಾದ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಇನ್ನೊಂದು ತುಸು ಕ್ಷಾರೀಯವಾದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಮೊದಲನೆಯದನ್ನು 3.39 ಗ್ರಾಂ, ಎರಡನೆಯದನ್ನು 3.53 ಗ್ರಾಂ ತೂಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 6.86 ಬರುತ್ತದೆ. ಪಿಎಚ್ ಮೀಟರನ್ನು ಹೊಂದಿಸಲು ಜಗತ್ತಿನಾದ್ಯಂತ ಬಳಸುವ ಮಾನಕ ಬಫರುಗಳಲ್ಲಿ ಇದೂ ಒಂದು. ಆದ್ದರಿಂದಲೇ ಹೊಸ ಡಬ್ಬಿ ತೆರೆದಾಗ ಮೊದಲು ಈ ಅಳತೆಯಲ್ಲಿ ಒಂದು ಲೀಟರ್ ಮಾಡಿ ನೋಡುವುದು ಒಳ್ಳೆಯ ಪದ್ಧತಿ.

ಇಲ್ಲಿ ಸಂಶಯ ಬಿದ್ದದ್ದು ಎರಡನೆಯ ಲವಣದ ಮೇಲೆ. ಅದು ಹಲವು ವೇಷಗಳಲ್ಲಿ ಸಿಗುತ್ತದೆ. ನೀರಿನಂಶವೇ ಇಲ್ಲದ ಅನ್‌ಹೈಡ್ರಸ್ ರೂಪ ಒಂದು. ಪ್ರತಿ ಅಣುವಿನ ಜೊತೆಗೆ ಎರಡು, ಏಳು ಅಥವಾ ಹನ್ನೆರಡು ನೀರಿನ ಅಣುಗಳನ್ನು ಕಟ್ಟಿಕೊಂಡ ರೂಪಗಳು ಮೂರು. ಎಲ್ಲವೂ ಬಿಳಿ, ಕೈಗೆ ಎಲ್ಲವೂ ಒಣ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಕಲಸುವವರಿಗೆ ಮೈಲುತುತ್ತ ಗೊತ್ತಿರುತ್ತದೆ. ಆ ನೀಲಿ ಹರಳಿನ ತೂಕದಲ್ಲಿ ಶೇ 36ರಷ್ಟು ನೀರೇ ಇದ್ದರೂ ಮುಟ್ಟಿದರೆ ಕೈ ಒದ್ದೆಯಾಗುವುದಿಲ್ಲ. ಮೈಲುತುತ್ತವನ್ನು ಕಾಯಿಸಿ ನೀರು ಹಾರಿಸಿದರೆ ಬಣ್ಣ ಹೋಗಿ ಬೆಳ್ಳಗಾಗುತ್ತದೆ, ಗುಟ್ಟು ರಟ್ಟಾಗುತ್ತದೆ. ಫಾಸ್ಫೇಟಿಗೆ ಆ ಬಣ್ಣದ ಸಾಕ್ಷಿಯೂ ಇಲ್ಲ.

ಚೀಟಿಯ ಮೇಲೆ ‘ಅನ್‌ಹೈಡ್ರಸ್’ ಎಂದಿದ್ದು, ಒಳಗೆ ಎರಡು ನೀರಿನ ಡೈಹೈಡ್ರೇಟ್ ಇದ್ದರೆ ಏನಾಗುತ್ತದೆ? ಅನ್‌ಹೈಡ್ರಸ್ ಲವಣದ ಅಣುತೂಕ 141.96, ಡೈಹೈಡ್ರೇಟಿನದು 177.99. ತಕ್ಕಡಿಯಲ್ಲಿ 3.53 ಗ್ರಾಂ ಸರಿಯಾಗಿಯೇ ತೂಗಿದರೂ ದ್ರಾವಣಕ್ಕೆ ಸೇರುವ ನಿಜವಾದ ಲವಣ ಬೇಕಾದುದರ ಶೇ 80 ಮಾತ್ರ. ಐದನೇ ಒಂದು ಭಾಗ ನೀರಿಗೇ ದುಡ್ಡು ಕೊಟ್ಟಂತೆ.

ಐದರಲ್ಲಿ ಒಂದು ಪಾಲು ಲವಣ ಕಡಿಮೆಯಾದರೂ ಪಿಎಚ್ ಕದಲಿದ್ದು 0.08 ಮಾತ್ರ. ಕಾರಣ, ಪಿಎಚ್ ಹೇಳುವುದು ಎರಡು ಲವಣಗಳ ಅನುಪಾತವನ್ನು, ಅದೂ ಲಾಗರಿದಮ್ ಲೆಕ್ಕದಲ್ಲಿ. ಒಟ್ಟು ಎಷ್ಟು ಲವಣವಿದೆ ಎಂಬುದನ್ನು ಅದು ಹೆಚ್ಚೇನೂ ತಿಳಿಸುವುದಿಲ್ಲ. ಕಾಸ್ಟಿಕ್ ಸೋಡಾ ಹಾಕಿ 6.86ಕ್ಕೆ ತಂದಾಗ ಸರಿಯಾಗುವುದು ಅನುಪಾತವಷ್ಟೆ. ಫಾಸ್ಫೇಟ್ ಆಗಲೂ ಹತ್ತನೇ ಒಂದು ಭಾಗ ಕಡಿಮೆಯೇ ಇರುತ್ತದೆ, ಬಫರಿನ ಹಿಡಿತವೂ ಅಷ್ಟೇ ಸಡಿಲಾಗಿರುತ್ತದೆ.

ಇಲ್ಲಿ ಎರಡನೆಯ ಸಾಕ್ಷಿ ಬೇಕು: ಕಂಡಕ್ಟಿವಿಟಿ, ಅಂದರೆ ದ್ರಾವಣ ಎಷ್ಟು ಸಲೀಸಾಗಿ ವಿದ್ಯುತ್ ಹರಿಯಗೊಡುತ್ತದೆ ಎಂಬ ಅಳತೆ. ವಿದ್ಯುತ್ತನ್ನು ಹೊತ್ತೊಯ್ಯುವುದು ಲವಣದಿಂದ ಬಿಡುಗಡೆಯಾದ ಅಯಾನುಗಳು. ಅಯಾನು ಕಡಿಮೆಯಾದರೆ ಅಳತೆಯೂ ಇಳಿಯುತ್ತದೆ. ಹಳೆಯ ಡಬ್ಬಿಯ ಲವಣದಿಂದ ಮಾಡಿದ ಬಫರಿನ ಅಳತೆಯನ್ನು 100 ಎಂದಿಟ್ಟುಕೊಂಡರೆ, ಹೊಸ ಡಬ್ಬಿಯದು ಸುಮಾರು 88 ಬರುತ್ತದೆ. ಕಾಸ್ಟಿಕ್ ಸೋಡಾದಿಂದ ಪಿಎಚ್ ತಿದ್ದಿದ ಮೇಲೂ ಈ ಕೊರತೆ ಪೂರ್ತಿ ಮರೆಯಾಗುವುದಿಲ್ಲ. ಸಂಶಯದ ಲವಣವೊಂದನ್ನೇ ನೀರಿನಲ್ಲಿ ಕರಗಿಸಿದರೆ ಎರಡು ಅಳತೆಗಳ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಹಳೆಯದಕ್ಕೂ ಹೊಸದಕ್ಕೂ ಪಿಎಚ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಂಡಕ್ಟಿವಿಟಿ ಮಾತ್ರ 100ರಿಂದ 80ರ ಆಸುಪಾಸಿಗೆ ಜಾರುತ್ತದೆ.

ಆದರೆ ಈ ಸಾಕ್ಷಿಗೂ ಒಂದು ದೌರ್ಬಲ್ಯವಿದೆ. ದ್ರಾವಣ ಒಂದು ಡಿಗ್ರಿ ಬಿಸಿಯಾದರೆ ಕಂಡಕ್ಟಿವಿಟಿ ಸುಮಾರು ಶೇ 2 ಏರುತ್ತದೆ. ಹಳೆಯ ಬಫರನ್ನು ಮಧ್ಯಾಹ್ನದ ಬಿಸಿಲಲ್ಲಿ, ಹೊಸದನ್ನು ಮರುದಿನ ಬೆಳಿಗ್ಗೆ ಆರು ಡಿಗ್ರಿ ತಣ್ಣಗಿದ್ದಾಗ ಅಳೆದರೆ ಲವಣ ಸರಿಯಿದ್ದರೂ 12 ಅಂಶದ ಕೊರತೆ ಕಾಣಿಸಬಹುದು. ಆದ್ದರಿಂದ ಎರಡನ್ನೂ ಒಂದೇ ದಿನ, ಒಬ್ಬರೇ, ಒಂದೇ ನೀರಿನಲ್ಲಿ ಮಾಡಿ, 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು ಅಳೆಯಬೇಕು. ಅದಕ್ಕೂ ಮುನ್ನ ಮೀಟರನ್ನು ಗೊತ್ತಿರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಿಂದ ಪರೀಕ್ಷಿಸಬೇಕು. 0.1 ಮೋಲಾರ್ ದ್ರಾವಣ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 12.88 ಮಿಲಿಸೀಮೆನ್ಸ್ ತೋರಿಸಬೇಕು. ತೋರಿಸದಿದ್ದರೆ ಪತ್ರ ಬರೆಯುವ ಮಾತು ಆಮೇಲೆ.

ಕೊನೆಯ ಪರೀಕ್ಷೆ ಒಲೆಯದು. ಹೊಸ ಡಬ್ಬಿಯ 2.000 ಗ್ರಾಂ ಪುಡಿಯನ್ನು 120 ಡಿಗ್ರಿಯಲ್ಲಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿದರೆ ಉಳಿಯುವುದು 1.595 ಗ್ರಾಂ. ನಷ್ಟ ಶೇ 20.2. ಡೈಹೈಡ್ರೇಟಿನ ಸೂತ್ರದಿಂದ ಲೆಕ್ಕ ಹಾಕಿದರೂ ಬರುವ ಸಂಖ್ಯೆ ಇದೇ. ಪಿಎಚ್, ಕಂಡಕ್ಟಿವಿಟಿ, ಒಣಗಿಸಿದ ತೂಕ ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಹಾಗಾದರೂ ಪೂರೈಕೆದಾರರ ಮೊದಲ ಪ್ರಶ್ನೆ ಊಹಿಸುವುದು ಕಷ್ಟವಲ್ಲ: ಡಬ್ಬಿ ಯಾವಾಗ ತೆರೆದಿರಿ, ಎಲ್ಲಿಟ್ಟಿದ್ದಿರಿ? ನ್ಯಾಯವಾದ ಪ್ರಶ್ನೆಯೇ. ಅನ್‌ಹೈಡ್ರಸ್ ಲವಣ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ತಪ್ಪು ಪ್ರಯೋಗಾಲಯದ್ದೇ ಆಗಬಹುದು. ಇದಕ್ಕೆ ಉತ್ತರ ಅದೇ ಬ್ಯಾಚಿನ ಸೀಲು ಒಡೆಯದ ಇನ್ನೊಂದು ಡಬ್ಬಿ. ಅದನ್ನು ಇಬ್ಬರ ಎದುರು ತೆರೆದು, ಮೇಲಿನಿಂದ ಒಂದು, ತಳದಿಂದ ಒಂದು ಮಾದರಿ ತೆಗೆಯಬೇಕು. ಆಮೇಲೆ ಹೀರಿದ ತೇವವಾದರೆ ಮೇಲ್ಪದರ ಗಂಟುಗಟ್ಟಿ, ಮೇಲೂ ಕೆಳಗೂ ಬೇರೆಬೇರೆ ಅಂಕಿ ಬರುವ ಸಂಭವ ಹೆಚ್ಚು. ಸೀಲಿದ್ದ ಡಬ್ಬಿಯಲ್ಲೂ ಮೇಲೆ ಕೆಳಗೆ ಒಂದೇ ಸಮನಾಗಿ ಶೇ 20.2 ಬಂದರೆ ತೇವದ ವಾದ ನಿಲ್ಲುವುದಿಲ್ಲ.

ಇಷ್ಟು ಕೈಯಲ್ಲಿದ್ದ ಮೇಲೆ ಪತ್ರ ಉದ್ದವಾಗಬೇಕಿಲ್ಲ. ಮೊದಲ ಸಾಲಿನಲ್ಲೇ ಉತ್ಪನ್ನದ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಿಲ್ಲಿನ ದಿನಾಂಕ, ಎಷ್ಟು ಡಬ್ಬಿ ಬಂದವು, ಎಷ್ಟು ತೆರೆದಿದೆ ಎಂಬುದು ಇರಬೇಕು. ಆಮೇಲಿನ ಒಡಲು ಹೀಗಿರಬಹುದು:

“ಮಾನ್ಯರೆ, ಈ ಬ್ಯಾಚಿನ ಲವಣದಿಂದ ಮಾಡಿದ ಬಫರಿನ ಪಿಎಚ್ 25 ಡಿಗ್ರಿಯಲ್ಲಿ 6.78 ಬಂದಿದೆ. ಹಿಂದಿನ ಬ್ಯಾಚಿನಿಂದ ಅದೇ ದಿನ ಮಾಡಿದ್ದು 6.86. ಕಂಡಕ್ಟಿವಿಟಿ ಹಿಂದಿನದಕ್ಕಿಂತ ಶೇ 12 ಕಡಿಮೆ. ಪೊಟ್ಯಾಸಿಯಂ ಲವಣ, ನೀರು, ತಕ್ಕಡಿ, ಮೀಟರು ಎರಡಕ್ಕೂ ಒಂದೇ. ಒಣಗಿಸಿದಾಗ ತೆರೆದ ಡಬ್ಬಿಯಲ್ಲೂ ಸೀಲಿದ್ದ ಡಬ್ಬಿಯಲ್ಲೂ ಶೇ 20.2 ತೂಕ ಇಳಿದಿದೆ. ಹಿಂದಿನ ಬ್ಯಾಚಿನಲ್ಲಿ ಇದು ಶೇ 0.2. ಈ ಫಲಿತಾಂಶಗಳು ಡೈಹೈಡ್ರೇಟ್ ರೂಪಕ್ಕೆ ಹೊಂದುತ್ತವೆ. ನಿಮ್ಮಲ್ಲಿ ಕಾದಿಟ್ಟಿರುವ ಈ ಬ್ಯಾಚಿನ ಮಾದರಿಯನ್ನು ಪರೀಕ್ಷಿಸಿ ತಿಳಿಸಬೇಕೆಂದು ಕೋರುತ್ತೇವೆ. ಉಳಿದ ಡಬ್ಬಿಗಳನ್ನು ಬಳಸದೆ ಪ್ರತ್ಯೇಕವಾಗಿ ಇಟ್ಟಿದ್ದೇವೆ.”

‘ಹೊಂದುತ್ತವೆ’ ಎಂಬ ಪದವನ್ನು ಇಲ್ಲಿ ತೂಗಿ ಇಟ್ಟಿದೆ. ಪಿಎಚ್ ಮತ್ತು ಕಂಡಕ್ಟಿವಿಟಿ ಲವಣ ಕಡಿಮೆಯಿದೆ ಎನ್ನಬಲ್ಲವು. ಉಳಿದ ಜಾಗದಲ್ಲಿ ಇರುವುದು ನೀರೇ ಎಂದು ಅವುಗಳಿಂದ ಹೇಳಲಾಗದು. ಒಲೆ ಹೇಳುವುದು ಆ ಭಾಗ ಕಾಯಿಸಿದರೆ ಹಾರಿಹೋಗುತ್ತದೆ ಎಂಬುದನ್ನು. “ನೀವು ಚೀಟಿ ಬದಲಿಸಿದ್ದೀರಿ” ಎಂದು ಬರೆದರೆ ವಿಷಯ ಜಗಳಕ್ಕೆ ತಿರುಗುತ್ತದೆ. ಅಳೆದದ್ದನ್ನು ಅಳೆದಂತೆ ಬರೆದರೆ ಎದುರಿನವರು ತಮ್ಮ ಮಾದರಿಯನ್ನು ಅದೇ ಕ್ರಮದಲ್ಲಿ ಅಳೆದು ನೋಡಬೇಕಾಗುತ್ತದೆ.

ಡಬ್ಬಿಯ ಜೊತೆ ಬಂದ ವಿಶ್ಲೇಷಣಾ ಪ್ರಮಾಣಪತ್ರದಲ್ಲಿ ಶುದ್ಧತೆ ಶೇ 99.5 ಎಂದಿರಬಹುದು, ಅದು ನಿಜವೂ ಇರಬಹುದು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಒಣಗಿಸಿದ ವಸ್ತುವಿನ ಲೆಕ್ಕದಲ್ಲಿ’ ಎಂದಿದೆಯೇ ಎಂದು ನೋಡಬೇಕು. ಇದ್ದರೆ ನೀರನ್ನು ಮೊದಲೇ ಹೊರಗಿಟ್ಟು ಹೇಳಿದ ಅಂಕಿ ಅದು. ಓದಬೇಕಾದ ಸಾಲು ಅದಲ್ಲ, ‘ಒಣಗಿಸಿದಾಗ ಆಗುವ ತೂಕನಷ್ಟ’ದ ಸಾಲು.

ಡೈಹೈಡ್ರೇಟ್ ಕೆಟ್ಟ ಲವಣವೇನಲ್ಲ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಪಿಎಚ್ ಅಳತೆಯನ್ನು ಜಗತ್ತಿಗೆ ಕೊಟ್ಟ ಸೋರೆನ್ಸೆನ್ ಅವರ ಹೆಸರಿನಲ್ಲೇ ಅದು ಇಂದಿಗೂ ಪರಿಚಿತ. ಒಳಗಿರುವುದು ಅದೇ ಎಂದು ಗೊತ್ತಿದ್ದರೆ 3.53 ಗ್ರಾಂ ಬದಲು 4.43 ಗ್ರಾಂ ತೂಗಿದರಾಯಿತು, ಬಫರ್ ಸರಿಯಾಗಿಯೇ ಬರುತ್ತದೆ. ಕೆಟ್ಟದ್ದು ಚೀಟಿಗೂ ಪುಡಿಗೂ ಹೊಂದಿಕೆ ಇಲ್ಲದಿರುವುದು.

ಪತ್ರ ಹೋದ ಮೇಲೆ ಪ್ರಯೋಗಾಲಯಕ್ಕೆ ಇನ್ನೊಂದು ಕೆಲಸ ಉಳಿಯುತ್ತದೆ. ಆ ಡಬ್ಬಿ ತೆರೆದ ದಿನದಿಂದ ಸಂಶಯ ಬಂದ ದಿನದವರೆಗೆ ಯಾವ ಯಾವ ಪರೀಕ್ಷೆಗೆ ಅದರ ಬಫರ್ ಬಳಸಲಾಗಿತ್ತು ಎಂದು ದಾಖಲೆ ಪುಸ್ತಕದಲ್ಲಿ ಹುಡುಕಿ, ಒಂದೊಂದನ್ನೂ ಮತ್ತೆ ಪರಿಶೀಲಿಸಬೇಕು. ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆದಿಟ್ಟಿದ್ದರೆ ಆ ಹುಡುಕಾಟ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಬರೆದಿಲ್ಲದಿದ್ದರೆ ಡಬ್ಬಿ ಬಂದ ದಿನದಿಂದಲೇ ಶುರುಮಾಡಬೇಕು.