ಇಂಗ್ಲಿಷ್ ವ್ಯವಹಾರ ಪತ್ರಗಳಲ್ಲಿ ‘ಹೂ’ – ‘ಹೂಮ್’, ‘ಐ’ – ‘ಮಿ’: ಪರಿಶೀಲನೆಯ ಕ್ರಮ

ಬ್ಯಾಂಕು, ತೆರಿಗೆ ಇಲಾಖೆ ಹಾಗೂ ಹೊರರಾಜ್ಯದ ಖರೀದಿದಾರರೊಡನೆ ನಮ್ಮ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ನಡೆಸುವ ಪತ್ರವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತದೆ. ಪತ್ರದಲ್ಲಿನ ಮೊಬಲಗನ್ನು ಎರಡು ಬಾರಿ ತಾಳೆ ನೋಡುವವರು ಸರ್ವನಾಮಗಳನ್ನು ಒಮ್ಮೆಯೂ ನೋಡದಿರುವುದುಂಟು. ‘ಹೂ’ ಇರಬೇಕಾದಲ್ಲಿ ‘ಹೂಮ್’ ಬಂದರೆ ಅರ್ಥವೇನೂ ಕೆಡುವುದಿಲ್ಲ, ಪತ್ರದ ಗಾಂಭೀರ್ಯಕ್ಕೆ ಮಾತ್ರ ಕುಂದು ಬರುತ್ತದೆ. ಆದರೆ ‘ಐ’ ಮತ್ತು ‘ಮಿ’ಗಳ ವಿಷಯದಲ್ಲಿ ಒಂದು ಸಂದರ್ಭವಿದೆ, ಅಲ್ಲಿ ಸಾಲಗಾರ ಯಾರು ಎಂಬುದೇ ಬದಲಾಗಿಬಿಡುತ್ತದೆ.

ಕನ್ನಡಿಗರಿಗೆ ಈ ಭೇದ ಹೊಸದಲ್ಲ. ‘ನಾನು’ ಮತ್ತು ‘ನನ್ನನ್ನು, ನನಗೆ’ ಎಂಬ ವ್ಯತ್ಯಾಸವೇ ಇಂಗ್ಲಿಷಿನಲ್ಲಿ ‘ಐ’ ಮತ್ತು ‘ಮಿ’ ಆಗಿದೆ. ‘ಯಾರು’ ಮತ್ತು ‘ಯಾರನ್ನು, ಯಾರಿಗೆ’ ಎಂಬುದು ‘ಹೂ’ ಮತ್ತು ‘ಹೂಮ್’ ಆಗಿದೆ. ಕ್ರಿಯೆಯನ್ನು ಮಾಡುವವನಿಗೆ, ಅಂದರೆ ಕರ್ತೃಪದಕ್ಕೆ, ‘ಐ’ ಮತ್ತು ‘ಹೂ’ ಸಲ್ಲುತ್ತವೆ. ಕರ್ಮಪದಕ್ಕೂ ‘ಟು’, ‘ಫ್ರಮ್’, ‘ಬಿಟ್ವೀನ್’ ಮೊದಲಾದ ಪದಗಳ ನಂತರ ಬರುವ ಸರ್ವನಾಮಕ್ಕೂ ‘ಮಿ’ ಮತ್ತು ‘ಹೂಮ್’ ಸಲ್ಲುತ್ತವೆ.

ಒಂದು ಮಾದರಿ ಪತ್ರ

ಪಾಲುದಾರಿಕೆ ಸಂಸ್ಥೆಯ ಪಾಲುದಾರರೊಬ್ಬರು ಬ್ಯಾಂಕಿಗೆ ಬರೆದರೆನ್ನಬಹುದಾದ ನಾಲ್ಕು ಸಾಲುಗಳನ್ನು ತೆಗೆದುಕೊಳ್ಳೋಣ.

1. ದಿ ಆಫೀಸರ್ ಹೂಮ್ ವಿ ಅಂಡರ್‌ಸ್ಟ್ಯಾಂಡ್ ಈಸ್ ಇನ್ ಚಾರ್ಜ್ ವಿಸಿಟೆಡ್ ಅವರ್ ಫ್ಯಾಕ್ಟರಿ.

2. ಹಿ ಮೆಟ್ ಮೈ ಪಾರ್ಟ್ನರ್ ಅಂಡ್ ಐ.

3. ಪ್ಲೀಸ್ ಹ್ಯಾಂಡ್ ದ ಪೇಪರ್ಸ್ ಟು ಹೂಮೆವರ್ ಪ್ರೊಡ್ಯೂಸಸ್ ದಿಸ್ ಲೆಟರ್.

4. ದ ಫರ್ಮ್ ಓವ್ಸ್ ಮೈ ಪಾರ್ಟ್ನರ್ ಮೋರ್ ದ್ಯಾನ್ ಐ.

ಮೊದಲು ಎರಡನೆಯ ಸಾಲನ್ನು ನೋಡೋಣ, ಏಕೆಂದರೆ ಅದು ಸುಲಭವಾದುದು. ಜೊತೆಗಿರುವ ‘ಮೈ ಪಾರ್ಟ್ನರ್ ಅಂಡ್’ ಎಂಬುದನ್ನು ತೆಗೆದು ಓದಿರಿ. ‘ಹಿ ಮೆಟ್ ಐ’ ಎಂದು ಯಾರೂ ಬರೆಯಲಾರರು. ‘ಹಿ ಮೆಟ್ ಮಿ’ ಎಂದೇ ಬರೆಯುತ್ತಾರೆ. ಆದುದರಿಂದ ‘ಮೈ ಪಾರ್ಟ್ನರ್ ಅಂಡ್ ಮಿ’ ಎಂಬುದೇ ಸರಿ. ‘ಐ’ ಎಂದರೆ ಹೆಚ್ಚು ಗೌರವಯುತ ಎಂಬ ಭಾವನೆಯಿಂದ ಈ ತಪ್ಪು ನುಸುಳುತ್ತದೆ. ‘ಬಿಟ್ವೀನ್ ಯು ಅಂಡ್ ಐ’ ಎಂಬ ಪ್ರಯೋಗಕ್ಕೂ ಇದೇ ಕಾರಣ. ಅಲ್ಲಿಯೂ ಶಿಷ್ಟ ಬರವಣಿಗೆಯಲ್ಲಿ ‘ಮಿ’ ಸಲ್ಲುತ್ತದೆ.

ಮೊದಲನೆಯ ಸಾಲಿನಲ್ಲಿ ‘ವಿ ಅಂಡರ್‌ಸ್ಟ್ಯಾಂಡ್’ ಎಂಬುದು ನಡುವೆ ಸೇರಿದ ಮಾತು. ಅದು ಪಕ್ಕದಲ್ಲಿಯೇ ಇರುವುದರಿಂದ ‘ಹೂಮ್’ ಅದರ ಕರ್ಮಪದವೆಂಬ ಭ್ರಮೆ ಹುಟ್ಟುತ್ತದೆ. ಅದನ್ನು ಬದಿಗಿಟ್ಟು, ಸರ್ವನಾಮದ ಸ್ಥಾನದಲ್ಲಿ ‘ಹಿ’ ಅಥವಾ ‘ಹಿಮ್’ ಇಟ್ಟು ಒಳವಾಕ್ಯವನ್ನು ಬಿಡಿಯಾಗಿ ಓದಬೇಕು. ‘ಹಿ ಈಸ್ ಇನ್ ಚಾರ್ಜ್’ ಎಂದಾಗುತ್ತದೆಯೇ ಹೊರತು ‘ಹಿಮ್’ ಹೊಂದುವುದಿಲ್ಲ. ಆದುದರಿಂದ ಇಲ್ಲಿ ‘ಹೂ’ ಬೇಕು. ‘ದಿ ಆಫೀಸರ್ ಹೂಮ್ ವಿ ಮೆಟ್’ ಎಂದು ಬರೆದಿದ್ದರೆ ‘ವಿ ಮೆಟ್ ಹಿಮ್’ ಎಂದಾಗುತ್ತಿದ್ದುದರಿಂದ ‘ಹೂಮ್’ ಸರಿಯಾಗುತ್ತಿತ್ತು. ‘ಹಿಮ್’ ಮತ್ತು ‘ಹೂಮ್’ ಎರಡೂ ಮಕಾರದಲ್ಲಿ ಮುಗಿಯುತ್ತವೆ ಎಂಬುದನ್ನು ನೆನಪಿಟ್ಟರೆ ಸಾಕು.

ಮೂರನೆಯ ಸಾಲು ಅನುಭವಸ್ಥರನ್ನೂ ಎಡವಿಸುತ್ತದೆ. ಪ್ರಮಾಣಪತ್ರಗಳ ತಲೆಯಲ್ಲಿ ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂದು ನೋಡಿ ಅಭ್ಯಾಸವಾದವರು ‘ಟು’ ಬಂದೊಡನೆ ಮಕಾರ ಸೇರಿಸುತ್ತಾರೆ. ಆ ಶೀರ್ಷಿಕೆಯಲ್ಲಿ ‘ಇಟ್ ಮೇ ಕನ್ಸರ್ನ್ ಹಿಮ್’ ಎಂಬ ಒಳವಾಕ್ಯವಿರುವುದರಿಂದ ಅದು ಸರಿಯಾಗಿಯೇ ಇದೆ. ನಮ್ಮ ಸಾಲಿನಲ್ಲಾದರೋ ಪತ್ರವನ್ನು ಹಾಜರುಪಡಿಸುವವನು ಕರ್ತೃ. ‘ಹಿ ಪ್ರೊಡ್ಯೂಸಸ್ ದಿಸ್ ಲೆಟರ್’ ಎಂದಾಗುತ್ತದೆ. ‘ಟು’ ಎಂಬುದು ಮುಂದಿನ ಇಡೀ ಒಳವಾಕ್ಯಕ್ಕೆ ಅನ್ವಯಿಸುತ್ತದೆ, ಅದರೊಳಗಿನ ಒಂದು ಪದಕ್ಕಲ್ಲ. ಆದುದರಿಂದ ‘ಟು ಹೂಎವರ್ ಪ್ರೊಡ್ಯೂಸಸ್’ ಎಂದೇ ಬರೆಯತಕ್ಕದ್ದು.

ಹಣದ ಅರ್ಥ ಬದಲಾಗುವ ಸ್ಥಳ

ನಾಲ್ಕನೆಯ ಸಾಲಿನಲ್ಲಿ ವ್ಯಾಕರಣದೋಷವಿಲ್ಲ, ದೋಷವಿರುವುದು ಅರ್ಥದಲ್ಲಿ. ಸಂಸ್ಥೆಯು ಪಾಲುದಾರನಿಗೆ 5 ಲಕ್ಷ ರೂಪಾಯಿಗಳನ್ನೂ ನನಗೆ 3 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಗಿದೆ ಎಂದಿಟ್ಟುಕೊಳ್ಳಿ. ‘ಮೋರ್ ದ್ಯಾನ್ ಮಿ’ ಎಂದರೆ ಸಂಸ್ಥೆಯು ನನಗೆ ಕೊಡಬೇಕಾದುದಕ್ಕಿಂತ ಅವನಿಗೆ ಹೆಚ್ಚು ಕೊಡಬೇಕು ಎಂದರ್ಥ. ಇಲ್ಲಿ ನಾನು ಸಾಲ ಕೊಟ್ಟವನು. ‘ಮೋರ್ ದ್ಯಾನ್ ಐ’ ಎಂದರೆ ನಾನು ಅವನಿಗೆ ಕೊಡಬೇಕಾದುದಕ್ಕಿಂತ ಸಂಸ್ಥೆಯು ಅವನಿಗೆ ಹೆಚ್ಚು ಕೊಡಬೇಕು ಎಂದರ್ಥ. ಇಲ್ಲಿ ನಾನು ಸಾಲಗಾರ! ಇಲ್ಲದ ವೈಯಕ್ತಿಕ ಸಾಲವೊಂದನ್ನು ನನ್ನ ಸಹಿಯ ಮೇಲೆ ನಾನೇ ಒಪ್ಪಿಕೊಂಡಂತೆ ಈ ಸಾಲನ್ನು ಓದಲು ಅವಕಾಶವಾಗುತ್ತದೆ.

‘ಐ’ ಅಳಿಸಿ ‘ಮಿ’ ಬರೆದರೂ ಸಂದೇಹ ಪೂರ್ತಿ ನಿವಾರಣೆಯಾಗುವುದಿಲ್ಲ. ಆಡುಮಾತಿನಲ್ಲಿ ಎರಡೂ ಅರ್ಥಕ್ಕೆ ‘ದ್ಯಾನ್ ಮಿ’ ಎನ್ನುವ ರೂಢಿ ಇಂಗ್ಲಿಷರಲ್ಲಿಯೇ ಇದೆ. ಆದಕಾರಣ ಹೋಲಿಕೆಯ ವಾಕ್ಯಗಳಲ್ಲಿ ಕ್ರಿಯಾಪದವನ್ನು ಬಿಡದೆ ಬರೆಯಬೇಕು: ‘ಮೋರ್ ದ್ಯಾನ್ ಇಟ್ ಓವ್ಸ್ ಮಿ’. ಮೊಬಲಗುಗಳನ್ನು ಪ್ರತ್ಯೇಕವಾಗಿ ನಮೂದಿಸುವುದು ಇನ್ನೂ ಕ್ಷೇಮ.

ಕನ್ನಡದ ಒರೆಗಲ್ಲಿನ ಮಿತಿ

ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಿಸಿ ವಿಭಕ್ತಿ ನೋಡುವುದು ಒಳ್ಳೆಯ ಅಭ್ಯಾಸ. ‘ಯಾರು ಹಣ ಪಾವತಿಸಿದರು?’ ಎಂಬಲ್ಲಿ ‘ಹೂ’. ‘ನೀವು ಯಾರಿಗೆ ಪಾವತಿಸಿದಿರಿ?’ ಎಂಬಲ್ಲಿ ‘ಹೂಮ್’. ಆದರೆ ಈ ಒರೆಗಲ್ಲು ಎರಡು ಕಡೆ ದಾರಿ ತಪ್ಪಿಸುತ್ತದೆ.

ಮೊದಲನೆಯದಾಗಿ, ಬೇಕು, ಗೊತ್ತು, ಇಷ್ಟ ಮೊದಲಾದ ಪದಗಳೊಡನೆ ಕನ್ನಡದಲ್ಲಿ ಚತುರ್ಥೀ ವಿಭಕ್ತಿ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃರೂಪ ಬರುತ್ತದೆ. ‘ಯಾರಿಗೆ ಸಾಲ ಬೇಕು?’ ಎಂಬುದು ‘ಹೂ ವಾಂಟ್ಸ್ ದ ಲೋನ್?’ ಎಂದಾಗುತ್ತದೆ, ‘ಯಾರಿಗೆ’ ಎಂದಿದ್ದರೂ ಅಲ್ಲಿ ‘ಹೂಮ್’ ಸಲ್ಲದು.

ಎರಡನೆಯದಾಗಿ, ‘ಸರಕು ಪಡೆದ ವರ್ತಕ’, ‘ನಾವು ಸರಕು ಕಳುಹಿಸಿದ ವರ್ತಕ’ ಎಂಬ ಮಾತುಗಳಲ್ಲಿ ‘ಯಾರು’ ಎಂಬ ಪದವೇ ಇಲ್ಲ, ವಿಭಕ್ತಿ ಮರೆಯಾಗಿದೆ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಹೂ’ವೂ ಎರಡನೆಯದಕ್ಕೆ ‘ಟು ಹೂಮ್’ ಎಂಬುದೂ ಬೇಕು. ಇಂತಹ ಕಡೆ ಪದಪುಂಜವನ್ನು ಪೂರ್ಣವಾಕ್ಯವಾಗಿ ಬಿಡಿಸಿಕೊಳ್ಳಬೇಕು. ವರ್ತಕನು ಸರಕು ಪಡೆದನು. ನಾವು ವರ್ತಕನಿಗೆ ಸರಕು ಕಳುಹಿಸಿದೆವು. ಆಗ ಮರೆಯಾಗಿದ್ದ ವಿಭಕ್ತಿ ಕಣ್ಣಿಗೆ ಬೀಳುತ್ತದೆ.

ಸಹಿಗೆ ಮುನ್ನ

ಪತ್ರ ಸಿದ್ಧವಾದ ಮೇಲೆ ‘ಅಂಡ್ ಐ’, ‘ಅಂಡ್ ಮಿ’ ಎಂದಿರುವಲ್ಲಿ ಜೊತೆಯ ಹೆಸರನ್ನು ತೆಗೆದು ಓದಿರಿ. ‘ಹೂ’, ‘ಹೂಮ್’ ಇರುವಲ್ಲಿ ನಡುವಣ ಮಾತನ್ನು ಬಿಟ್ಟು ‘ಹಿ’, ‘ಹಿಮ್’ ಇಟ್ಟು ನೋಡಿರಿ. ‘ದ್ಯಾನ್’ ಇರುವಲ್ಲಿ ಕ್ರಿಯಾಪದವನ್ನು ತುಂಬಿರಿ. ಇಷ್ಟಾದರೂ ಸಂದೇಹ ಉಳಿದರೆ ವಾಕ್ಯವನ್ನು ಎರಡಾಗಿ ಒಡೆಯಿರಿ. ‘ಆನ್ ಆಫೀಸರ್ ವಿಸಿಟೆಡ್ ಅವರ್ ಫ್ಯಾಕ್ಟರಿ. ವಿ ಅಂಡರ್‌ಸ್ಟ್ಯಾಂಡ್ ದಟ್ ಹಿ ಈಸ್ ಇನ್ ಚಾರ್ಜ್’ ಎಂದು ಬರೆದರೆ ‘ಹೂ’ ಅಥವಾ ‘ಹೂಮ್’ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ.